ಒಂದು ಫೋನ್, ಎರಡು ಜೋಡಿ ಇಯರ್‌ಬಡ್ಸ್: ಸೌಂಡ್ ಒಂದರಲ್ಲೇ ಬರೋದು ಯಾಕೆ?

ಪ್ರಶ್ನೆ: ನಾನು, ನನ್ನ ಹೆಂಡತಿ ಆಗಾಗ ಶಿರಸಿಯಿಂದ ಕಾರವಾರಕ್ಕೆ ಬಸ್ಸಲ್ಲಿ ಹೋಗ್ತೇವೆ. ಒಂದೇ ಫೋನಲ್ಲಿ ಇಬ್ಬರೂ ಯಕ್ಷಗಾನ ನೋಡ್ತಾ ಹೋಗೋಣ ಅಂತ ಆಸೆ. ಇಬ್ಬರ ಹತ್ರಾನೂ ಬೇರೆ ಬೇರೆ ಕಂಪನಿ ಇಯರ್‌ಬಡ್ಸ್ ಇದೆ. ಎರಡೂ ನನ್ನ ಆಂಡ್ರಾಯ್ಡ್ ಫೋನಿಗೆ ಕನೆಕ್ಟ್ ಆಗ್ತವೆ, ಆದ್ರೆ ಸೌಂಡ್ ಮಾತ್ರ ಒಂದರಲ್ಲೇ ಬರ್ತದೆ. ಬಾಕ್ಸ್ ಮೇಲೆ ಬ್ಲೂಟೂತ್ 5.3, ಮಲ್ಟಿಪಾಯಿಂಟ್ ಅಂತೆಲ್ಲ ಬರೆದಿದೆ. ತಪ್ಪು ಇಯರ್‌ಬಡ್ಸಿದಾ, ಫೋನಿದಾ? ಹೊಸ ಫೋನೇ ತಗೊಳ್ಬೇಕಾ? ನಡುವೆ ಕಾಲ್ ಬಂದ್ರೆ ಏನಾಗ್ತದೆ?
— ಒಬ್ಬ ಓದುಗರು, ಶಿರಸಿ

ಉತ್ತರ: ಇಯರ್‌ಬಡ್ಸ್‌ನಲ್ಲಿ ತಪ್ಪಿಲ್ಲ. ಫೋನ್ ಕೆಟ್ಟಿದೆ ಅಂತಲೂ ಅಲ್ಲ. ಬ್ಲೂಟೂತ್‌ನಲ್ಲಿ ಕನೆಕ್ಟ್ ಆಗುವುದೇ ಬೇರೆ, ಹಾಡು ಹೋಗುವುದೇ ಬೇರೆ. ಆಂಡ್ರಾಯ್ಡ್ 9ರಿಂದ ಈಚೆಗೆ ಒಂದು ಫೋನಿಗೆ ಐದು ಆಡಿಯೊ ಸಾಧನಗಳು ಒಟ್ಟಿಗೆ ಕನೆಕ್ಟ್ ಆಗಿ ಇರಬಹುದು. ಆದರೆ ಅವುಗಳಲ್ಲಿ ಒಂದನ್ನು ಮಾತ್ರ ಫೋನ್ "ಈಗ ಕೇಳಿಸಬೇಕಾದ್ದು" ಅಂತ ಆರಿಸಿಕೊಳ್ಳುತ್ತದೆ. ಉಳಿದವು ಸುಮ್ನೆ ಕಾಯುತ್ತಾ ಇರುತ್ತವೆ. ಡೆವಲಪರ್ ಆಯ್ಕೆಗಳಲ್ಲಿ `Maximum connected Bluetooth audio devices` ಅಂತ ಒಂದು ಸೆಟ್ಟಿಂಗ್ ಇದೆ. ಅದನ್ನು 5ಕ್ಕೆ ಏರಿಸಿದರೆ ಎಲ್ಲದರಲ್ಲೂ ಸೌಂಡ್ ಬರುತ್ತದೆ ಅಂತ ತುಂಬಾ ಜನ ನಂಬಿದ್ದಾರೆ. ಬರುವುದಿಲ್ಲ. ಕಾಯುವವರ ಸಾಲು ಉದ್ದ ಆಗುತ್ತದೆ ಅಷ್ಟೇ.

ಬಾಕ್ಸ್ ಮೇಲಿನ ಮಲ್ಟಿಪಾಯಿಂಟ್ ನಿಮಗೆ ಬೇಕಾದ್ದಕ್ಕೆ ತೀರಾ ಉಲ್ಟಾ. ಅದು ಒಂದು ಜೋಡಿ ಇಯರ್‌ಬಡ್ಸ್ ಎರಡು ಫೋನಿಗೆ, ಅಥವಾ ಒಂದು ಫೋನು ಮತ್ತು ಒಂದು ಲ್ಯಾಪ್‌ಟಾಪಿಗೆ ಅಂಟಿಕೊಂಡಿರುವ ವ್ಯವಸ್ಥೆ. ನಿಮಗೆ ಬೇಕಾಗಿರುವುದು ಒಂದು ಫೋನಿಂದ ಎರಡು ಜೋಡಿಗೆ. ಅದನ್ನು ಮಾಡಿಕೊಡಬೇಕಾದ್ದು ಫೋನು. ಇನ್ನು 5.3 ಅನ್ನುವ ನಂಬರು. ಅದು ಆ ಚಿಪ್ ಯಾವ ನಿಯಮಾವಳಿಯ ಪ್ರಕಾರ ತಯಾರಾಗಿದೆ ಅಂತ ಹೇಳುತ್ತದೆ. ಆ ನಿಯಮಾವಳಿಯಲ್ಲಿರುವ ಎಲ್ಲ ಸೌಲಭ್ಯಗಳನ್ನೂ ಕಂಪನಿ ಹಾಕಲೇಬೇಕು ಅಂತೇನಿಲ್ಲ. ಹಾಗಾಗಿ ಒಂದು 5.0 ಫೋನ್ ಎರಡು ಜೋಡಿಗೆ ಸೌಂಡ್ ಕಳಿಸುತ್ತದೆ, ಇನ್ನೊಂದು 5.3 ಫೋನ್ ಕಳಿಸುವುದಿಲ್ಲ. ನಂಬರು ನೋಡಿ ದುಡ್ಡು ಹಾಕಬೇಡಿ ಅಂತ ನಾನು ಎಲ್ಲರಿಗೂ ಹೇಳುತ್ತೇನೆ.

ಎರಡಕ್ಕೂ ಕಳಿಸುವುದು ಅಷ್ಟು ಕಷ್ಟವಾ ಅಂತ ನೀವು ಕೇಳಬಹುದು. ಕಷ್ಟ ಎಲ್ಲಿದೆ ಅಂತ ತಿಳಿದರೆ ಮುಂದಿನದ್ದೆಲ್ಲ ಸುಲಭವಾಗುತ್ತದೆ. ಅದಕ್ಕೇ ಇಲ್ಲಿ ಸ್ವಲ್ಪ ಲೆಕ್ಕ ಮಾಡೋಣ.

ಇವತ್ತು ಹೆಚ್ಚಿನ ಇಯರ್‌ಬಡ್ಸ್ ಕೆಲಸ ಮಾಡುವುದು ಹಳೆಯ ಪದ್ಧತಿಯ ಬ್ಲೂಟೂತ್‌ನಲ್ಲಿ. ಅದರಲ್ಲಿ ಫೋನು ಪ್ರತಿ ಕೇಳುಗನ ಜೊತೆ ಪ್ರತ್ಯೇಕ ಸಂಬಂಧ ಇಟ್ಟುಕೊಳ್ಳುತ್ತದೆ. ಹಾಡಿನ ಒಂದು ತುಣುಕನ್ನು, ಅಂದರೆ ಒಂದು ಪ್ಯಾಕೆಟ್ ಕಳಿಸುತ್ತದೆ, "ತಲುಪಿತು" ಅನ್ನುವ ಉತ್ತರಕ್ಕೆ ಕಾಯುತ್ತದೆ, ಉತ್ತರ ಬರದಿದ್ದರೆ ಅದನ್ನೇ ಮತ್ತೆ ಕಳಿಸುತ್ತದೆ. ಒಂದೇ ಹಾಡನ್ನು ಇಬ್ಬರಿಗೆ ಕೇಳಿಸಬೇಕು ಅಂದರೆ ಇಡೀ ಹಾಡನ್ನು ಎರಡು ಸಲ ಕಳಿಸಬೇಕು. ಫೋನಿನಲ್ಲಿರುವ ಬ್ಲೂಟೂತ್ ರೇಡಿಯೊ ಮಾತ್ರ ಒಂದೇ. ಅದು ಒಂದು ಕ್ಷಣಕ್ಕೆ ಒಬ್ಬರ ಜೊತೆ ಮಾತ್ರ ಮಾತಾಡಬಲ್ಲದು.

ಈ ರೇಡಿಯೊ ಒಂದು ಸೆಕೆಂಡನ್ನು 1600 ತುಂಡು ಮಾಡಿಕೊಂಡಿರುತ್ತದೆ. ದೊಡ್ಡ ಪ್ಯಾಕೆಟ್ ಒಂದಕ್ಕೆ ಐದು ತುಂಡು ಬೇಕು, ಅದರ ಉತ್ತರಕ್ಕೆ ಇನ್ನೊಂದು. ಒಟ್ಟು ಆರು. ಅಂದರೆ ಸೆಕೆಂಡಿಗೆ ಸುಮಾರು 266 ಸಲ ಕಳಿಸುವ ಅವಕಾಶ. ಸಾಮಾನ್ಯವಾಗಿ ಬಳಕೆಯಲ್ಲಿರುವ ಒಂದು ಬಗೆಯ ದೊಡ್ಡ ಪ್ಯಾಕೆಟ್‌ನಲ್ಲಿ ಸುಮಾರು 680 ಬೈಟ್ ಹಿಡಿಸುತ್ತದೆ. ಸೌಂಡನ್ನು ಒತ್ತಿ ಚಿಕ್ಕದು ಮಾಡುವ ವಿಧಾನಕ್ಕೆ ಕೋಡೆಕ್ ಅನ್ನುತ್ತಾರೆ. ಎಲ್ಲ ಬ್ಲೂಟೂತ್ ಹೆಡ್‌ಫೋನುಗಳಲ್ಲೂ ಇರಲೇಬೇಕಾದ ಕೋಡೆಕ್ ಎಸ್‌ಬಿಸಿ. ಅದರ ಒಳ್ಳೆಯ ಗುಣಮಟ್ಟಕ್ಕೆ ಸೆಕೆಂಡಿಗೆ 328 ಕಿಲೋಬಿಟ್ ಬೇಕು, ಅಂದರೆ 41 ಸಾವಿರ ಬೈಟ್. 680ರಿಂದ ಭಾಗಿಸಿ. ಸೆಕೆಂಡಿಗೆ ಸುಮಾರು 60 ಸಲ ಕಳಿಸಿದರೆ ಒಬ್ಬರಿಗೆ ಸಾಕು. ಇಬ್ಬರಿಗೆ 120. ಇರುವ 266ರಲ್ಲಿ 120 ಖರ್ಚಾದರೂ ಅರ್ಧಕ್ಕಿಂತ ಜಾಸ್ತಿ ಉಳಿಯುತ್ತದೆ. ತಲುಪದೇ ಹೋದ ಪ್ಯಾಕೆಟ್‌ಗಳನ್ನು ಮತ್ತೆ ಕಳಿಸಲು ಆ ಉಳಿಕೆ ಬೇಕೇ ಬೇಕು.

ಈಗ ಎಲ್‌ಡಿಎಸಿ ಅನ್ನುವ ಇನ್ನೊಂದು ಕೋಡೆಕ್ ನೋಡಿ. ಕೆಲವು ದುಬಾರಿ ಬಡ್ಸ್‌ನಲ್ಲಿ ಇರುತ್ತದೆ. ಅದರ ಅತಿ ಹೆಚ್ಚಿನ ದರ 990 ಕಿಲೋಬಿಟ್. ಇದೇ ಲೆಕ್ಕದಲ್ಲಿ ಒಬ್ಬರಿಗೇ 182 ಸಲ ಕಳಿಸಬೇಕು. ಇಬ್ಬರಿಗೆ 364. ಇರುವುದೇ 266. ಆಗುವ ಮಾತಲ್ಲ. ಹಾಗಾಗಿ ಇಬ್ಬರಿಗೆ ಹಂಚುವಾಗ ಗುಣಮಟ್ಟ ಇಳಿಸಲೇಬೇಕಾಗುತ್ತದೆ. ಎರಡು ಜೋಡಿ ಹಾಕಿದ ಕೂಡಲೇ ಸೌಂಡ್ ಮೊದಲಿನಷ್ಟು ಚೆನ್ನಾಗಿಲ್ಲ ಅಂತ ಕೆಲವರಿಗೆ ಅನಿಸುತ್ತದೆ. ಅದು ಬರೀ ಭ್ರಮೆ ಅಲ್ಲ, ಕಾರಣ ಇದು.

ಆ 266ರಲ್ಲೂ ಪಾಲು ಕೇಳುವವರು ಬೇರೆ ಇದ್ದಾರೆ. 2.4 ಗಿಗಾಹರ್ಟ್ಸ್ ವೈಫೈ ಕೂಡ ಬ್ಲೂಟೂತ್ ಇರುವ ಜಾಗದಲ್ಲೇ ಓಡಾಡುತ್ತದೆ. ಎಷ್ಟೋ ಫೋನುಗಳಲ್ಲಿ ಎರಡಕ್ಕೂ ಒಂದೇ ಚಿಪ್, ಒಂದೇ ಆಂಟೆನಾ. ಸರದಿ ಹಂಚಿಕೊಂಡು ಕೆಲಸ ಮಾಡುತ್ತವೆ. ನೀವು ಬಸ್ಸಿನಲ್ಲಿ ಮನೆಯವರ ಫೋನಿನ ಹಾಟ್‌ಸ್ಪಾಟ್‌ನಿಂದ ವೀಡಿಯೊ ಎಳೆಯುತ್ತಾ, ಅದೇ ಹೊತ್ತಿಗೆ ಎರಡು ಜೋಡಿಗೆ ಸೌಂಡ್ ಕಳಿಸುತ್ತಿದ್ದರೆ ಫೋನಿನ ರೇಡಿಯೊ ಏದುಸಿರು ಬಿಡುತ್ತದೆ. ಮನೆಯಲ್ಲೇ ಪ್ರಸಂಗ ಡೌನ್‌ಲೋಡ್ ಮಾಡಿಕೊಂಡು ಹೊರಡಿ. ಅರ್ಧ ತೊಂದರೆ ಅಲ್ಲಿಗೇ ಹೋಗುತ್ತದೆ.

ಈಗ ನಿಮ್ಮ ಫೋನಿಗೆ ಬರೋಣ. ಯಾವ ಕಂಪನಿಯದ್ದು ಅಂತ ನೀವು ಬರೆದಿಲ್ಲ. ಸ್ಯಾಮ್‌ಸಂಗ್ ಗ್ಯಾಲಕ್ಸಿ ಆಗಿದ್ದರೆ ಎರಡು ಜೋಡಿಗೆ ಒಟ್ಟಿಗೆ ಸೌಂಡ್ ಕಳಿಸುವ ಡ್ಯುಯಲ್ ಆಡಿಯೊ ಅನ್ನುವ ಸೌಲಭ್ಯ ಇರುವ ಸಾಧ್ಯತೆ ಹೆಚ್ಚು. 2017ರ ಎಸ್8 ಫೋನಿನಿಂದ ಅದು ಬಂದಿದೆ. ಎರಡೂ ಜೋಡಿಯನ್ನು ಕನೆಕ್ಟ್ ಮಾಡಿ, ವೀಡಿಯೊ ಹಚ್ಚಿ, ಮೇಲಿಂದ ಪರದೆ ಎಳೆದು `Media output` ಒತ್ತಿ. ಎರಡರ ಹೆಸರೂ ಕಾಣುತ್ತದೆ. ಎರಡಕ್ಕೂ ಟಿಕ್ ಹಾಕಿ. ಅಲ್ಲೇ ಇಬ್ಬರಿಗೂ ಬೇರೆ ಬೇರೆ ವಾಲ್ಯೂಮ್ ಪಟ್ಟಿ ಇರುತ್ತದೆ. ಹಳೆಯ ಗ್ಯಾಲಕ್ಸಿಯಲ್ಲಿ ಇದು ಬ್ಲೂಟೂತ್ ಸೆಟ್ಟಿಂಗ್‌ನ ಮೂರು ಚುಕ್ಕೆ ಮೆನುವಿನಲ್ಲಿ, `Advanced` ಒಳಗೆ, `Dual audio` ಅನ್ನುವ ಹೆಸರಿನಲ್ಲಿರುತ್ತದೆ. ಇಯರ್‌ಬಡ್ಸ್ ಯಾವ ಕಂಪನಿಯದ್ದಾದರೂ ನಡೆಯುತ್ತದೆ. ಎರಡು ಸಲ ಕಳಿಸುವ ಕೆಲಸವನ್ನು ಫೋನೇ ಮಾಡುತ್ತದೆ, ಪ್ರತಿ ಜೋಡಿಯೂ ತಾನೊಬ್ಬನೇ ಇದ್ದೇನೆ ಅಂದುಕೊಂಡಿರುತ್ತದೆ.

ಐಫೋನ್ ಇರುವವರಿಗೆ ಒಂದೇ ಮಾತು. ಐಫೋನ್ 8 ಮತ್ತು ನಂತರದವುಗಳಲ್ಲಿ ಹಂಚಿಕೊಳ್ಳುವ ಸೌಲಭ್ಯ ಇದೆ, ಆದರೆ ಎರಡೂ ಕಡೆ ಏರ್‌ಪಾಡ್ಸ್ ಅಥವಾ ಕೆಲವು ಬೀಟ್ಸ್ ಹೆಡ್‌ಫೋನೇ ಆಗಬೇಕು.

ಬೇರೆ ಕಂಪನಿಯ ಆಂಡ್ರಾಯ್ಡ್ ಆಗಿದ್ದರೆ ಸೆಟ್ಟಿಂಗ್ಸ್‌ನ ಹುಡುಕು ಪೆಟ್ಟಿಗೆಯಲ್ಲಿ `dual` ಅಂತಲೂ `audio sharing` ಅಂತಲೂ ಟೈಪ್ ಮಾಡಿ ನೋಡಿ. ಏನೂ ಸಿಗಲಿಲ್ಲ ಅಂದರೆ ಆ ಫೋನಿನಲ್ಲಿ ಈ ಸೌಲಭ್ಯ ಇಲ್ಲ ಅಂತಲೇ ತಿಳಿಯಿರಿ. ಆಮೇಲೆ "ಎರಡು ಹೆಡ್‌ಫೋನಿಗೆ ಸೌಂಡ್" ಅಂತ ಹೇಳಿಕೊಳ್ಳುವ ಆಪ್‌ಗಳ ಹಿಂದೆ ಬೀಳಬೇಡಿ. ಯಾವ ಬ್ಲೂಟೂತ್ ಸಾಧನಕ್ಕೆ ಹಾಡು ಹೋಗಬೇಕು ಅಂತ ತೀರ್ಮಾನ ಮಾಡುವುದು ಫೋನಿನ ಒಳಗಿನ ಸಿಸ್ಟಮ್. ಪ್ಲೇ ಸ್ಟೋರ್‌ನಿಂದ ಇಳಿಸಿಕೊಂಡ ಆಪ್‌ಗೆ ಆ ಬಾಗಿಲು ತೆರೆಯುವುದಿಲ್ಲ. ಜಾಹೀರಾತು ತೋರಿಸಿ ದುಡ್ಡು ಮಾಡುವುದಷ್ಟೇ ಅಂಥ ಆಪ್‌ಗಳ ಕೆಲಸ.

ಸೌಂಡ್ ಎರಡರಲ್ಲೂ ಬಂತು ಅಂತಿಟ್ಟುಕೊಳ್ಳಿ. ಇನ್ನೊಂದು ತೊಡಕು ಎದುರಾಗುತ್ತದೆ. ನೀವು ಯಕ್ಷಗಾನ ನೋಡುವವರಾದ್ದರಿಂದ ನಿಮಗದು ಬೇರೆಯವರಿಗಿಂತ ಬೇಗ ಗೊತ್ತಾಗುತ್ತದೆ. ಚಂಡೆಯ ಮೇಲೆ ಕೋಲು ಬೀಳುವುದಕ್ಕೂ ಪೆಟ್ಟು ಕೇಳುವುದಕ್ಕೂ ತಾಳ ತಪ್ಪಿರುತ್ತದೆ.

ಬ್ಲೂಟೂತ್ ಸೌಂಡ್ ಯಾವಾಗಲೂ ತಡವಾಗಿಯೇ ಬರುತ್ತದೆ. ಫೋನ್ ಅದನ್ನು ಒತ್ತಿ ಚಿಕ್ಕದು ಮಾಡಬೇಕು, ಕಳಿಸಬೇಕು. ಬಡ್ಸ್ ಅದನ್ನು ಬಿಡಿಸಬೇಕು. ದಾರಿಯಲ್ಲಿ ಒಂದೆರಡು ಪ್ಯಾಕೆಟ್ ತಪ್ಪಿದರೂ ಹಾಡು ನಿಲ್ಲಬಾರದು ಅಂತ ಬಡ್ಸ್ ಸ್ವಲ್ಪ ಸೌಂಡನ್ನು ಮುಂಚೆಯೇ ಕೂಡಿಟ್ಟುಕೊಂಡಿರುತ್ತದೆ. ಇದೆಲ್ಲ ಸೇರಿ ಸಾಮಾನ್ಯವಾಗಿ 150ರಿಂದ 250 ಮಿಲಿಸೆಕೆಂಡ್. ಒಂದೇ ಜೋಡಿ ಇದ್ದಾಗ ನಿಮಗಿದು ಗೊತ್ತಾಗುವುದಿಲ್ಲ. ಯಾಕೆಂದರೆ ವೀಡಿಯೊ ಆಪ್ ತಡ ಎಷ್ಟು ಅಂತ ಸಿಸ್ಟಮ್‌ನಿಂದ ಕೇಳಿಕೊಂಡು, ಚಿತ್ರವನ್ನೂ ಅಷ್ಟೇ ಹೊತ್ತು ತಡೆದು ತೋರಿಸುತ್ತದೆ. ಎರಡು ಬೇರೆ ಬೇರೆ ಕಂಪನಿಯ ಜೋಡಿ ಇದ್ದಾಗ ತಡವೂ ಬೇರೆ ಬೇರೆ. ಚಿತ್ರ ಮಾತ್ರ ಒಂದೇ. ಅದು ಒಬ್ಬರ ಕಿವಿಗೆ ಹೊಂದಿಕೊಂಡರೆ ಇನ್ನೊಬ್ಬರ ಕಿವಿಗೆ ತಪ್ಪುತ್ತದೆ.

ಇದಕ್ಕೆ ಒಂದು ಉಪಾಯ ಇದೆ. ಒಂದು ಉದಾಹರಣೆ ತೆಗೆದುಕೊಳ್ಳೋಣ. ನಿಮ್ಮ ಹೆಂಡತಿಯ ಬಡ್ಸ್‌ಗೆ ಚಿತ್ರ ಸರಿಯಾಗಿ ಹೊಂದಿದೆ, ನಿಮ್ಮದರಲ್ಲಿ ಸೌಂಡ್ 160 ಮಿಲಿಸೆಕೆಂಡ್ ಹಿಂದಿದೆ. ಮನುಷ್ಯರಿಗೆ ಎಷ್ಟು ವ್ಯತ್ಯಾಸ ಗೊತ್ತಾಗುತ್ತದೆ ಅನ್ನುವುದಕ್ಕೆ ಐಟಿಯು ಅನ್ನುವ ಅಂತರರಾಷ್ಟ್ರೀಯ ದೂರಸಂಪರ್ಕ ಸಂಸ್ಥೆಯ ಟಿವಿ ಪ್ರಸಾರದ ಅಳತೆ ಇದೆ. ಸೌಂಡ್ ಚಿತ್ರಕ್ಕಿಂತ ಸುಮಾರು 45 ಮಿಲಿಸೆಕೆಂಡ್ ಮುಂದೆ ಹೋದರೆ ಗೊತ್ತಾಗಲು ಶುರುವಾಗುತ್ತದೆ. ಹಿಂದೆ ಬಿದ್ದರೆ ಮಾತ್ರ ಸುಮಾರು 125ರವರೆಗೂ ಗೊತ್ತಾಗುವುದಿಲ್ಲ. ಹಿಂದೆ ಬೀಳುವ ಸೌಂಡಿಗೆ ನಮ್ಮ ಕಿವಿ ಮೊದಲಿಂದಲೂ ಒಗ್ಗಿಕೊಂಡಿದೆ, ಅಲ್ವಾ? ಬಯಲಾಟದಲ್ಲಿ ರಂಗಸ್ಥಳದಿಂದ 30 ಮೀಟರ್ ಹಿಂದೆ ಕೂತವರಿಗೆ ಮೈಕಿಲ್ಲದ ಚಂಡೆ ಸುಮಾರು 90 ಮಿಲಿಸೆಕೆಂಡ್ ತಡವಾಗಿಯೇ ಕೇಳುತ್ತದೆ. ಯಾರೂ ತಾಳ ತಪ್ಪಿತು ಅನ್ನುವುದಿಲ್ಲ.

ಆದ್ದರಿಂದ ತಪ್ಪನ್ನು ಸಮ ಪಾಲು ಮಾಡಬೇಡಿ. ಸೌಂಡನ್ನು 80 ಮುಂದಕ್ಕೆ ತಂದರೆ ನಿಮಗೆ 80 ಹಿಂದೆ, ಅವರಿಗೆ 80 ಮುಂದೆ. ಅವರಿಗೆ ಕಿರಿಕಿರಿ ಆಗುತ್ತದೆ. 40 ಮಾತ್ರ ಮುಂದಕ್ಕೆ ತನ್ನಿ. ಆಗ ಅವರಿಗೆ 40 ಮುಂದೆ, ನಿಮಗೆ 120 ಹಿಂದೆ. ಇಬ್ಬರೂ ಮಿತಿಯೊಳಗೆ ಬಂದಿರಿ. ವಿಎಲ್‌ಸಿ ಆಪ್‌ನಲ್ಲಿ, ಡೌನ್‌ಲೋಡ್ ಆಗಿರುವ ಫೈಲ್‌ಗೆ ಇದನ್ನು ಮಾಡಬಹುದು. ವೀಡಿಯೊ ಓಡುವಾಗ `Audio delay` ತೆರೆದು −40 ಇಡಿ. ಮೈನಸ್ ಅಂದರೆ ಸೌಂಡ್ ಮುಂಚೆ. ನಿಮ್ಮ ಸಂಖ್ಯೆ ಎಷ್ಟು ಅಂತ ತಿಳಿಯಲು ಚಂಡೆಯವರ ಕೈ ಹತ್ತಿರದಿಂದ ಕಾಣುವ ಒಂದು ತುಣುಕು ಹಚ್ಚಿ. ನಿಮ್ಮ ಜೋಡಿ ಒಂದನ್ನೇ ಎರಡಕ್ಕೂ ಟಿಕ್ ಹಾಕಿದ ಸ್ಥಿತಿಯಲ್ಲಿ ಕೇಳುತ್ತಾ, ಕೋಲು ಮತ್ತು ಪೆಟ್ಟು ಕೂಡುವ ತನಕ ಸಂಖ್ಯೆ ಬದಲಿಸಿ. ಆಮೇಲೆ ಅವರ ಜೋಡಿಯಲ್ಲಿ ಹಾಗೇ ಮಾಡಿ. ಎರಡು ಸಂಖ್ಯೆಗಳ ಅಂತರವೇ ನಿಮ್ಮ ಅಂತರ. ಅಂತರ 170ರ ಒಳಗಿದ್ದರೆ ಈ ಉಪಾಯ ನಡೆಯುತ್ತದೆ. ಅದಕ್ಕಿಂತ ಜಾಸ್ತಿ ಇದ್ದರೆ ಒಂದೇ ಕಂಪನಿಯ, ಒಂದೇ ಮಾಡೆಲ್‌ನ ಎರಡು ಜೋಡಿ ಬಳಸಿದರೆ ಮಾತ್ರ ನೆಮ್ಮದಿ. ಹಾಡಿಗೆ, ತಾಳಮದ್ದಳೆಗೆ ಈ ಯಾವ ತಲೆಬಿಸಿಯೂ ಇಲ್ಲ. ಅರ್ಥಧಾರಿಯ ಮಾತು ನಿಮಗೊಂದು ಕ್ಷಣ ತಡವಾಗಿ ಬಂದರೂ ಹೋಲಿಸಿ ನೋಡಲು ಎದುರಿಗೆ ಚಿತ್ರವೇ ಇರುವುದಿಲ್ಲ.

ಎರಡು ಸಲ ಕಳಿಸುವ ಕಷ್ಟವನ್ನೇ ತೆಗೆದುಹಾಕಿದ ಹೊಸ ದಾರಿ ಎಲ್‌ಇ ಆಡಿಯೊ. 2020ರ ಬ್ಲೂಟೂತ್ 5.2ರಲ್ಲಿ ಅದಕ್ಕೆ ಬೇಕಾದ ತಳಪಾಯ ಬಂತು. ಅದರ ಒಂದು ಭಾಗವೇ ಆರಾಕಾಸ್ಟ್. 2022ರಲ್ಲಿ ಆ ಹೆಸರಿಟ್ಟರು. ಇದು ಆಕಾಶವಾಣಿ ಇದ್ದ ಹಾಗೆ. ಕಾರವಾರ ಕೇಂದ್ರ ಒಂದು ಸಲ ಹಾಡು ಹಾಕುತ್ತದೆ, ಎಷ್ಟು ಮನೆಯಲ್ಲಿ ರೇಡಿಯೊ ಹಚ್ಚಿದ್ದಾರೆ ಅಂತ ಅದಕ್ಕೆ ಗೊತ್ತಿಲ್ಲ, ಗೊತ್ತಾಗಬೇಕಾದ್ದೂ ಇಲ್ಲ. ಫೋನ್ ಕೂಡ ಹಾಗೇ ಸೌಂಡನ್ನು ಗಾಳಿಗೆ ಬಿಡುತ್ತದೆ. ಇಬ್ಬರು ಕೇಳಿದರೂ ಇಪ್ಪತ್ತು ಜನ ಕೇಳಿದರೂ ಫೋನಿನ ಕೆಲಸ ಅಷ್ಟೇ. "ತಲುಪಿತು" ಅನ್ನುವ ಉತ್ತರ ಇಲ್ಲದ ಕಾರಣ, ಒಂದು ಪ್ಯಾಕೆಟ್ ತಪ್ಪಿದರೆ ಇರಲಿ ಅಂತ ಅದು ಪ್ರತಿಯೊಂದನ್ನೂ ಮೊದಲೇ ಕೆಲವು ಸಲ ಕಳಿಸಿಬಿಡುತ್ತದೆ. ಎಲ್‌ಸಿ3 ಅನ್ನುವ ಹೊಸ ಕೋಡೆಕ್ ಎಸ್‌ಬಿಸಿಯ ಅರ್ಧದಷ್ಟು ದರದಲ್ಲೇ ಅದಕ್ಕೆ ಸಮನಾಗಿ ಕೇಳಿಸುವುದರಿಂದ ಹೀಗೆ ಮತ್ತೆ ಮತ್ತೆ ಕಳಿಸಲು ಜಾಗವೂ ಇರುತ್ತದೆ. ಸೌಂಡನ್ನು ಯಾವ ಗಳಿಗೆಯಲ್ಲಿ ಕೇಳಿಸಬೇಕು ಅನ್ನುವುದೂ ಎಲ್ಲರಿಗೂ ಒಂದೇ ಆಗಿ ನಿಗದಿಯಾಗಿರುತ್ತದೆ. ಹಾಗಾಗಿ ಮೇಲೆ ಹೇಳಿದ 160 ಮಿಲಿಸೆಕೆಂಡ್‌ನಂಥ ಅಂತರ ಇಲ್ಲಿ ಬಹುಮಟ್ಟಿಗೆ ಇರುವುದಿಲ್ಲ.

ಈಚಿನ ಪಿಕ್ಸೆಲ್ ಮತ್ತು ಗ್ಯಾಲಕ್ಸಿ ಫೋನುಗಳಲ್ಲಿ ಇದು ಸಿಗುತ್ತದೆ. ಪಿಕ್ಸೆಲ್‌ನಲ್ಲಿ `Connected devices` ಒಳಗೆ `Connection preferences`, ಅದರೊಳಗೆ `Audio sharing`. ಪ್ರಸಾರಕ್ಕೆ ಒಂದು ಹೆಸರು, ಒಂದು ಪಾಸ್‌ವರ್ಡ್ ಇರುತ್ತದೆ. ಬಸ್ಸಿನಲ್ಲಿರುವ ಬೇರೆಯವರು ಸುಮ್ನೆ ನುಗ್ಗಲು ಆಗುವುದಿಲ್ಲ. ಮಿತಿ ಇರುವುದು ಬೇರೆ ಕಡೆ. ಇಲ್ಲಿ ಫೋನ್ ಒಂದೇ ಹೊಸದಾದರೆ ಸಾಲದು, ಎರಡೂ ಜೋಡಿ ಇಯರ್‌ಬಡ್ಸ್ ಕೂಡ ಎಲ್‌ಇ ಆಡಿಯೊ ಬಲ್ಲವು ಆಗಿರಬೇಕು. ಒಂದು ಜೋಡಿ ಹಳೆಯದಿದ್ದರೆ ಅದಕ್ಕೆ ಈ ಪ್ರಸಾರ ಕೇಳಿಸುವುದೇ ಇಲ್ಲ. ನಿಮ್ಮ 5.3 ಬಡ್ಸ್‌ನಲ್ಲಿ ಇದೆಯಾ ಅಂತ ನೋಡಲು ಬ್ಲೂಟೂತ್ ಪಟ್ಟಿಯಲ್ಲಿ ಅದರ ಹೆಸರಿನ ಪಕ್ಕದ ಗಿಯರ್ ಚಿತ್ರ ಒತ್ತಿ. ಎಲ್‌ಇ ಆಡಿಯೊ ಬೆಂಬಲಿಸುವ ಫೋನಿನಲ್ಲಿ, ಬಡ್ಸ್‌ನಲ್ಲೂ ಅದು ಇದ್ದರೆ, ಅಲ್ಲಿ `LE Audio` ಅನ್ನುವ ಸ್ವಿಚ್ ಕಾಣುತ್ತದೆ.

ಇಷ್ಟಕ್ಕಾಗಿ ಹೊಸ ಫೋನು, ಎರಡು ಹೊಸ ಜೋಡಿ ಕೊಳ್ಳಿ ಅಂತ ನಾನು ಹೇಳುವುದಿಲ್ಲ. ಬಸ್ಸಿನ ಪ್ರಯಾಣಕ್ಕೆ ಅದು ದಂಡ. ನಿಮ್ಮ ಜಾಗದಲ್ಲಿ ನಾನಿದ್ದರೆ ಮೊದಲು ವೈರ್ ಇರುವ ದಾರಿ ನೋಡುತ್ತಿದ್ದೆ. ಎರಡು ಸಾದಾ ಇಯರ್‌ಫೋನು, ಒಂದು ಕವಲು ವೈರು. ಅಂಗಡಿಯಲ್ಲಿ ಸ್ಪ್ಲಿಟರ್ ಅಂತ ಕೇಳಿದರೆ ಕೊಡುತ್ತಾರೆ. ತಡ ಇಲ್ಲ, ಪೇರಿಂಗ್ ಇಲ್ಲ, ಚಾರ್ಜ್ ಮುಗಿಯುವುದಿಲ್ಲ. ಚಂಡೆಯ ಕೋಲು, ಪೆಟ್ಟು ಒಟ್ಟಿಗೇ ಬೀಳುತ್ತವೆ.

ಆದರೆ ಸ್ಪ್ಲಿಟರ್‌ನಲ್ಲಿ ಎರಡು ಬಗೆ ಇದೆ, ನೋಡಲು ಒಂದೇ ಥರ. ಒಂದರಲ್ಲಿ ಎರಡು ತೂತಿನಲ್ಲೂ ಸೌಂಡ್ ಬರುತ್ತದೆ. ಇನ್ನೊಂದು ಕಂಪ್ಯೂಟರಿಗಾಗಿ ಮಾಡಿದ್ದು, ಅದರಲ್ಲಿ ಒಂದು ತೂತು ಹೆಡ್‌ಫೋನಿಗೆ, ಇನ್ನೊಂದು ಮೈಕಿಗೆ. ತಪ್ಪಿ ಇದನ್ನು ತಂದರೆ ಈಗಿನ ಕಥೆಯೇ ಮತ್ತೆ: ಒಬ್ಬರಿಗೆ ಮಾತ್ರ ಸೌಂಡ್. ತೂತಿನ ಪಕ್ಕದ ಚಿತ್ರ ನೋಡಿ. ಒಂದರ ಹತ್ತಿರ ಮೈಕಿನ ಚಿತ್ರ ಇದ್ದರೆ ಬೇಡ. ಎರಡರ ಹತ್ತಿರವೂ ಹೆಡ್‌ಫೋನ್ ಚಿತ್ರ ಇರಬೇಕು. ಅಂಗಡಿಯಲ್ಲೇ ಎರಡು ಇಯರ್‌ಫೋನ್ ಸಿಕ್ಕಿಸಿ ಕೇಳಿ ತಗೊಳ್ಳಿ. ಎರಡೂ ಇಯರ್‌ಫೋನ್ ಒಂದೇ ಮಾಡೆಲ್ ಆದರೆ ಒಳ್ಳೆಯದು, ಇಲ್ಲದಿದ್ದರೆ ಒಬ್ಬರಿಗೆ ಜೋರು, ಒಬ್ಬರಿಗೆ ಮೆಲ್ಲಗೆ ಕೇಳುತ್ತದೆ. ವಾಲ್ಯೂಮ್ ಇಬ್ಬರಿಗೂ ಸೇರಿ ಒಂದೇ ತಾನೆ. ಫೋನಿನಲ್ಲಿ ದುಂಡು ಜಾಕ್ ಇಲ್ಲದೆ ಟೈಪ್ ಸಿ ಮಾತ್ರ ಇದ್ದರೆ ನಡುವೆ ಒಂದು ಟೈಪ್ ಸಿ ಕನ್ವರ್ಟರ್ ಬೇಕು. ಡಿಎಸಿ, ಅಂದರೆ ಡಿಜಿಟಲ್ ಸೌಂಡನ್ನು ಇಯರ್‌ಫೋನಿಗೆ ಬೇಕಾದ ರೂಪಕ್ಕೆ ಬದಲಿಸುವ ಚಿಪ್ ಇರುವುದನ್ನೇ ಕೇಳಿ. ಅದಿಲ್ಲದ ಅಗ್ಗದ್ದು ಕೆಲವು ಫೋನುಗಳಲ್ಲಿ ಮಾತ್ರ ಕೆಲಸ ಮಾಡುತ್ತದೆ.

ಈಗಿರುವ ಇಯರ್‌ಬಡ್ಸೇ ಬೇಕು ಅಂದರೆ ಎರಡು ಜೋಡಿಗೆ ಕಳಿಸಬಲ್ಲ ಬ್ಲೂಟೂತ್ ಟ್ರಾನ್ಸ್‌ಮಿಟರ್ ಸಿಗುತ್ತದೆ. ಜಾಕ್‌ಗೋ ಟೈಪ್ ಸಿಗೋ ಸಿಕ್ಕಿಸುವ ಸಣ್ಣ ಡಬ್ಬಿ. ಆಗ ಎರಡು ಸಲ ಕಳಿಸುವ ಕೆಲಸ ಆ ಡಬ್ಬಿಯದು, ಫೋನಿನದಲ್ಲ. ಇದರಲ್ಲಿ ಎಲ್ಲರೂ ಎಡವುವುದು ಪೇರಿಂಗ್‌ನಲ್ಲಿ. ಬಡ್ಸ್ ಡಬ್ಬಿ ತೆರೆದ ಕೂಡಲೇ ಅದು ಅಭ್ಯಾಸದಂತೆ ಫೋನನ್ನೇ ಹಿಡಿದುಕೊಳ್ಳುತ್ತದೆ, ಟ್ರಾನ್ಸ್‌ಮಿಟರ್‌ಗೆ ಸಿಗುವುದೇ ಇಲ್ಲ. ಮೊದಲು ಇಬ್ಬರ ಫೋನಿನಲ್ಲೂ ಬ್ಲೂಟೂತ್ ಆಫ್ ಮಾಡಿ. ಆಮೇಲೆ ಒಂದು ಜೋಡಿ ಪೇರ್ ಮಾಡಿ, ಅದು ಕನೆಕ್ಟ್ ಆದ ಮೇಲೆ ಇನ್ನೊಂದನ್ನು ಮಾಡಿ. ಬಾಕ್ಸ್ ಮೇಲೆ ಕಡಿಮೆ ತಡದ ಕೋಡೆಕ್ ಅಂತ ಬರೆದಿದ್ದರೂ ಎರಡು ಜೋಡಿ ಹಾಕಿದಾಗ ಹೆಚ್ಚಿನವು ಎಸ್‌ಬಿಸಿಗೆ ಇಳಿಯುತ್ತವೆ. ತಡದ ಸಮಸ್ಯೆ ಉಳಿದೇ ಇರುತ್ತದೆ.

ದುಡ್ಡೇ ಬೇಡದ ದಾರಿ ಒಂದು ಜೋಡಿಯನ್ನೇ ಆಳಿಗೊಂದರಂತೆ ಹಾಕಿಕೊಳ್ಳುವುದು. ಎಡಗಡೆಯದ್ದರಲ್ಲಿ ಎಡ ಚಾನೆಲ್ ಮಾತ್ರ ಬರುತ್ತದೆ, ಹಾಗಾಗಿ ಆಕ್ಸೆಸಿಬಿಲಿಟಿ ಸೆಟ್ಟಿಂಗ್‌ನಲ್ಲಿ `Mono audio` ಹಾಕಿ, ಇಬ್ಬರಿಗೂ ಪೂರ್ತಿ ಕೇಳುತ್ತದೆ.

ಬಸ್ಸಿನಲ್ಲಿ ಸೌಂಡ್ ಕಟ್ ಆದರೆ ಕಾರಣ ಹುಡುಕುವುದು ಸುಲಭ. ಕಟ್ ಆಗಿದ್ದು ಒಬ್ಬರಿಗಾ, ಇಬ್ಬರಿಗೂ ಒಟ್ಟಿಗಾ ಅಂತ ನೋಡಿ. ದೇವಿಮನೆ ಘಟ್ಟ ಇಳಿಯುವಾಗ ಇಬ್ಬರಿಗೂ ಒಟ್ಟಿಗೇ ನಿಂತು, ಪರದೆಯ ಮೇಲೆ ಚಕ್ರ ತಿರುಗುತ್ತಿದ್ದರೆ ಅದು ನೆಟ್‌ವರ್ಕ್. ಬ್ಲೂಟೂತಿಗೂ ಅದಕ್ಕೂ ಸಂಬಂಧವಿಲ್ಲ. ಚಿತ್ರ ಓಡುತ್ತಾ ಒಬ್ಬರಿಗೆ ಮಾತ್ರ ಚಿಟ್ ಚಿಟ್ ಅಂತ ಕಡಿದರೆ ಅದು ಆ ಜೋಡಿಯ ರೇಡಿಯೊ ಕೊಂಡಿ. ಚಿತ್ರ ಓಡುತ್ತಲೇ ಇಬ್ಬರಿಗೂ ಕಡಿಯುತ್ತಿದ್ದರೆ ಫೋನಿನ ರೇಡಿಯೊಗೆ ಹೊರೆ ಜಾಸ್ತಿಯಾಗಿದೆ. ಹಾಟ್‌ಸ್ಪಾಟ್, ವೈಫೈ ಆಫ್ ಮಾಡಿ. ಯಾವುದಾದರೂ ಬಡ್ಸ್‌ನಲ್ಲಿ ಎಲ್‌ಡಿಎಸಿ ಇದ್ದರೆ ಅದರ ಗಿಯರ್ ಚಿತ್ರ ಒತ್ತಿ `HD audio` ಸ್ವಿಚ್ ತೆಗೆಯಿರಿ.

ಒಬ್ಬರಿಗೇ ಕಡಿಯುವುದಕ್ಕೆ ಮುಖ್ಯ ಕಾರಣ ನಮ್ಮ ಮೈ. ಮೈಯಲ್ಲಿರುವ ನೀರು 2.4 ಗಿಗಾಹರ್ಟ್ಸ್ ಅಲೆಯನ್ನು ಚೆನ್ನಾಗಿ ನುಂಗುತ್ತದೆ. ಮನೆಯಲ್ಲಿ ಅಲೆ ಗೋಡೆಗೆ ಬಡಿದು ಸುತ್ತಿ ಬಳಸಿ ಕಿವಿ ಮುಟ್ಟುತ್ತದೆ. ಬಯಲಲ್ಲಿ ಬಡಿಯಲು ಗೋಡೆಯೇ ಇಲ್ಲ. ಕಾರವಾರದ ಟ್ಯಾಗೋರ್ ಬೀಚಿನಲ್ಲಿ ಫೋನನ್ನು ಹಿಂದಿನ ಜೇಬಿಗೆ ಹಾಕಿಕೊಂಡು ನಡೆಯುವವರು "ಮನೆಯಲ್ಲಿ ಸರಿಯಿತ್ತು, ಇಲ್ಲಿ ಕಡಿಯುತ್ತದೆ" ಅನ್ನುವುದು ಇದಕ್ಕೇ. ಬಸ್ಸಿನಲ್ಲಿ ತಗಡಿನ ಮೈ ಇರುವುದರಿಂದ ಅಷ್ಟು ತೊಂದರೆ ಇಲ್ಲ, ಆದರೂ ಫೋನ್ ಎಲ್ಲಿದೆ ಅನ್ನುವುದು ಮುಖ್ಯ. ಇಬ್ಬರ ನಡುವೆ, ತೊಡೆಯ ಎತ್ತರಕ್ಕಿಂತ ಮೇಲೆ ಹಿಡಿಯಿರಿ. ಕೆಲವು ಬಡ್ಸ್‌ನಲ್ಲಿ ಒಂದು ಕಿವಿಯದ್ದು ಮಾತ್ರ ಫೋನಿನ ಜೊತೆ ನೇರ ಮಾತಾಡಿ ಇನ್ನೊಂದಕ್ಕೆ ದಾಟಿಸುತ್ತದೆ. ಎಷ್ಟೋ ಮಾಡೆಲ್‌ಗಳಲ್ಲಿ ಡಬ್ಬಿಯಿಂದ ಮೊದಲು ತೆಗೆದದ್ದೇ ಆ ಮುಖ್ಯ ಬಡ್ ಆಗುತ್ತದೆ. ಕಿಟಕಿ ಪಕ್ಕ ಕೂತವರು ಫೋನ್ ಇರುವ ಕಡೆಯ ಕಿವಿಯದ್ದನ್ನು ಮೊದಲು ತೆಗೆದು ಹಾಕಿಕೊಳ್ಳಲಿ. ನೀವೂ ಹಾಗೇ ಮಾಡಿ. ಫೋನಿನ ಅಲೆ ತಲೆ ದಾಟಿ ಹೋಗಬೇಕಾದ ಕೆಲಸ ತಪ್ಪುತ್ತದೆ.

ಕಾಲ್ ಬಂದರೆ ವೀಡಿಯೊ ನಿಲ್ಲುತ್ತದೆ, ಮಾತು ಒಂದೇ ಜೋಡಿಗೆ ಹೋಗುತ್ತದೆ. ಹಾಡಿಗೆ ಇರುವ ದಾರಿ ಬೇರೆ, ಮಾತಿಗೆ ಇರುವ ದಾರಿ ಬೇರೆ. ಮಾತಿನ ದಾರಿಯಲ್ಲಿ ಮೈಕ್ ಕೂಡ ಸೇರಿರುವುದರಿಂದ ಅದನ್ನು ಇಬ್ಬರಿಗೆ ಹಂಚುವುದಿಲ್ಲ. ಸ್ಯಾಮ್‌ಸಂಗ್‌ನಲ್ಲಿ ಮೊದಲು ಕನೆಕ್ಟ್ ಆದ ಜೋಡಿಗೆ ಕಾಲ್ ಹೋಗುತ್ತದೆ. ಫೋನ್ ನಿಮ್ಮದಾದ್ದರಿಂದ ಹೊರಡುವಾಗ ನಿಮ್ಮ ಜೋಡಿಯನ್ನು ಮೊದಲು ಕನೆಕ್ಟ್ ಮಾಡಿ, ಆಮೇಲೆ ಅವರದ್ದು. ಕಾಲ್ ಮುಗಿದ ಮೇಲೆ ಒಬ್ಬರಿಗೆ ಸೌಂಡ್ ಬರದಿದ್ದರೆ ಗಾಬರಿ ಬೇಡ, `Media output` ತೆರೆದು ಬಿಟ್ಟುಹೋದ ಹೆಸರಿಗೆ ಮತ್ತೆ ಟಿಕ್ ಹಾಕಿ.